ಕರದಂಟಿನ ಡಬ್ಬಿಗೆ ಹಳೆಯ ಜಾಹೀರಾತಿನ ರೂಪ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಅಮೀನಗಡದಿಂದ: ನಮ್ಮದು ಅಜ್ಜನ ಕಾಲದ ಕರದಂಟಿನ ಅಂಗಡಿ. ಹೊಸ ಡಬ್ಬಿಯನ್ನು ಹಳೆಯ ಕ್ಯಾಲೆಂಡರ್ ಜಾಹೀರಾತಿನಂತೆ ಮಾಡಬೇಕು: ಮಾಸಿದ ಅಚ್ಚು, ಬೆಚ್ಚನೆಯ ಬಣ್ಣ. ಡಿಸೈನ್ ನಾನೇ ಮಾಡುತ್ತಿದ್ದೇನೆ. ನೋಡಿದವರೆಲ್ಲ ಚಹಾ ಚೆಲ್ಲಿದಂತಿದೆ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ವಿಜಯಪುರದ ಛಾಯಾಗ್ರಾಹಕ: ಕಪ್ಪನ್ನು ತೆಗೆದು ಕಡುಕಂದು ಹಾಕಿ, ಅರ್ಧ ಕೆಲಸ ಮುಗಿಯುತ್ತದೆ. ಆಮೇಲೆ ಇಡೀ ಚಿತ್ರದ ಮೇಲೆ ಒಂದು ಕಂದು ಫಿಲ್ಟರ್ ಎಳೆದು ಬಣ್ಣಗಳನ್ನು ತಿಳಿಯಾಗಿಸಿ. ಬಿಸಿಲಿಗೆ ಒಣಗಿದ ಹಳೆಯ ಕಾಗದ ಹಾಗೆಯೇ ಕಾಣುತ್ತದೆ.

ಬೆಳಗಾವಿಯ ಆಫ್‌ಸೆಟ್ ಮುದ್ರಕ: ಕಡುಕಂದಿನ ಮಾತು ಸರಿ, ಫಿಲ್ಟರಿನ ಮಾತು ಸರಿಯಲ್ಲ. ಚಹಾ ಚೆಲ್ಲಿದಂತೆ ಕಾಣುವುದು ಅದರಿಂದಲೇ. ಬಿಸಿಲಿಗೆ ತೂಗಿದ ಪೋಸ್ಟರನ್ನು ನೋಡಿ: ಸಾಮಾನ್ಯವಾಗಿ ಕೆಂಪು, ಹಳದಿ ಶಾಯಿ ಮೊದಲು ಹೋಗುತ್ತವೆ, ನೀಲಿ ಉಳಿಯುತ್ತದೆ. ಬಿಸಿಲು ತಿಂದ ಮುದ್ರಣ ಬೆಚ್ಚಗಾಗುವುದಿಲ್ಲ, ತಣ್ಣಗಾಗುತ್ತದೆ. ನಾವು ಹಳೆಯದೆಂದು ಗುರುತಿಸುವ ಬೆಚ್ಚನೆ ಬಣ್ಣ ಕಾಗದದ್ದು, ಪೆಟ್ಟಿಗೆಯಲ್ಲಿ ಕುಳಿತು ಹಳದಿಯಾದ ಕಾಗದದ್ದು. ಆದ್ದರಿಂದ ಹಳದಿಯನ್ನು ಮೇಲೆ ಹೊದಿಸಬೇಡಿ, ಅಡಿಯಲ್ಲಿಡಿ.

ನಾನು ಮಾಡುವುದು ಹೀಗೆ. ಅಡಿಗೆ ಹಾಲುಕೆನೆ ಬಣ್ಣ, `#F1E3C4` ಸುಮಾರಿಗೆ ಸರಿಯಾಗುತ್ತದೆ. ಅದರ ಮೇಲೆ ಮೂರೇ ಶಾಯಿ: ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಕಡುಕಂದು. ಪ್ರತಿಯೊಂದಕ್ಕೂ ಬೇರೆ ಪದರ, ಪದರದ ವಿಧಾನ Multiply. ಆಗ ಕೆಂಪು ಹಳದಿಯ ಮೇಲೆ ಕೂತಲ್ಲಿ ಇನ್ನೂ ಗಾಢವಾದ ಕೆಂಗಂದು ತಾನಾಗಿಯೇ ಹುಟ್ಟುತ್ತದೆ. ಶಾಯಿ ಪಾರದರ್ಶಕವಾದ್ದರಿಂದ ಪ್ರೆಸ್ಸಿನಲ್ಲೂ ಹಾಗೆಯೇ ಆಗುತ್ತದೆ. ಹಳದಿ ಪದರವನ್ನು ಮಾತ್ರ ಕಾಲು ಮಿಲಿಮೀಟರ್ ಸರಿಸಿ. ಎಲ್ಲವನ್ನೂ ಸರಿಸಿದರೆ ಹಳೆಯದಾಗಿ ಕಾಣುವುದಿಲ್ಲ, ಕೆಟ್ಟ ಮುದ್ರಣವಾಗಿ ಕಾಣುತ್ತದೆ.

ಮಾಸಿದ ಗುರುತು ಶಾಯಿಯನ್ನು ತಿನ್ನಬೇಕು, ಕಾಗದವನ್ನಲ್ಲ. ರಬ್ಬರ್ ಮೊಹರಿಗೆ ಶಾಯಿ ಕಡಿಮೆ ಹಚ್ಚಿ ಒರಟು ಕಾಗದದ ಮೇಲೆ ಒತ್ತಿ, 600 ಡಿಪಿಐಗೆ ಸ್ಕ್ಯಾನ್ ಮಾಡಿ, ಕಪ್ಪು ಬಿಳುಪಾಗಿಸಿ, Invert ಮಾಡಿ ಪದರಕ್ಕೆ ಮಾಸ್ಕ್ ಆಗಿ ಹಾಕಿ. ಮೊಹರಿನಲ್ಲಿ ಬಿಳಿ ಚುಕ್ಕಿ ಬಿದ್ದಿದ್ದ ಕಡೆ ಮಾಸ್ಕ್ ಕಪ್ಪಾಗಿ, ಶಾಯಿ ತಪ್ಪಿ ಅಡಿಯ ಕೆನೆಬಣ್ಣ ಇಣುಕಬೇಕು. ಎರಡು ಶಾಯಿಗೂ ಒಂದೇ ಮಾಸ್ಕ್ ಹಾಕಿದರೆ ಚುಕ್ಕಿಗಳು ಒಂದರ ಮೇಲೊಂದು ಕೂತು ಕೃತಕತೆ ಬಯಲಾಗುತ್ತದೆ. ಒಂದನ್ನು ತಿರುಗಿಸಿ ಹಾಕಿ.

ಗೋಕಾಕದಿಂದ: ನಮ್ಮ ಅಂಗಡಿಯ ಗೋಡೆಗೂ ಇದೇ ಸಮಸ್ಯೆ. ಹಳೆಯ ಬಣ್ಣದ ಮೇಲೆ ಹೊಸದನ್ನು ಬರೆಸಿದೆವು, ಒಂದೇ ಮಳೆಗಾಲಕ್ಕೆ ಉದುರಿತು. ಸುಣ್ಣವನ್ನು ಪೂರ್ತಿ ಕೆರೆಯದೆ ಬರೆಸಬೇಡಿ. ಗೋಕಾಕದ ಕರದಂಟಿಗೆ ಇಂಥ ವೇಷ ಬೇಕಿಲ್ಲ ಎಂಬುದು ಬೇರೆ ಮಾತು.

ಅಮೀನಗಡ: ಕಾಕಾ, ಕೇಳಿದ್ದು ಡಬ್ಬಿಯ ಬಗ್ಗೆ! ಮುದ್ರಕರೇ, ಕಂಪ್ಯೂಟರಿನಲ್ಲಿ ಈಗ ಚೆನ್ನಾಗಿದೆ. ಕೆನೆಬಣ್ಣ ಡಬ್ಬಿಯಲ್ಲೂ ಹಾಗೆಯೇ ಬರುತ್ತದೆಯೇ? ಬಾರ್‌ಕೋಡನ್ನೂ ಇಟ್ಟಿಗೆ ಕೆಂಪಿನಲ್ಲಿ ಮಾಡಿದ್ದೇನೆ, ಹೊಂದಿಕೊಂಡಿದೆ.

ಬಾಗಲಕೋಟೆಯಲ್ಲಿ ಪ್ಯಾಕಿಂಗ್ ವ್ಯವಹಾರದವರು: ಬಾರ್‌ಕೋಡ್ ಕೆಂಪಾಗಿದ್ದರೆ ಅಂಗಡಿಯ ಸ್ಕ್ಯಾನರ್ ಓದುವುದಿಲ್ಲ. ಅದರ ಬೆಳಕೇ ಸಾಮಾನ್ಯವಾಗಿ ಕೆಂಪು. ಕೆಂಪು ಗೆರೆ ಅದಕ್ಕೆ ಬಿಳಿಯಾಗಿ ಕಾಣುತ್ತದೆ. ಕೆಂಪು ಹೆಚ್ಚಿರುವ ಕಂದೂ ಅಪಾಯವೇ. ಬಿಳಿಯ ಮೇಲೆ ಕಪ್ಪು ಹಾಕಿ. ಸಸ್ಯಾಹಾರದ ಹಸಿರು ಗುರುತು, ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ, ಇವನ್ನೂ ಮಾಸಲು ಮಾಡಬೇಡಿ.

ಬೆಳಗಾವಿಯ ಮುದ್ರಕ: ಕೆನೆಬಣ್ಣವನ್ನು ಮಾಮೂಲಿ ನಾಲ್ಕು ಬಣ್ಣದಲ್ಲಿ ಅಚ್ಚು ಹಾಕಿದರೆ ಹತ್ತಿರದಿಂದ ಬಣ್ಣದ ಚುಕ್ಕಿಗಳು ಕಾಣುತ್ತವೆ. ಅದಕ್ಕೆಂದೇ ಒಂದು ಶಾಯಿ ಕಲಸಿಸಿ, ಬೇರೆ ಪ್ಲೇಟಿನಲ್ಲಿ ಹಾಕಿಸಿ. ಖರ್ಚು ಸ್ವಲ್ಪ ಏರುತ್ತದೆ. ಹೊಳೆಯುವ ಲ್ಯಾಮಿನೇಷನ್ ಬೇಡ, ಮ್ಯಾಟ್ ಇರಲಿ. ಲ್ಯಾಮಿನೇಷನ್ನೇ ಬೇಡವೆಂದರೆ ಒಳಗೆ ಬೆಣ್ಣೆ ಕಾಗದ ದಪ್ಪಗಿರಲಿ. ಕರದಂಟಿನ ತುಪ್ಪ ಬೋರ್ಡಿಗೆ ಇಳಿದರೆ ಆಗ ನಿಜವಾಗಿಯೂ ಕಲೆ ಬೀಳುತ್ತದೆ.

ವಿಜಯಪುರದ ಛಾಯಾಗ್ರಾಹಕ: ಫಿಲ್ಟರಿನ ಮಾತು ಬಿಟ್ಟೆ. ಆದರೆ ಮಡಿಕೆಯ ಗೆರೆ, ಹರಿದ ಅಂಚು ಇಲ್ಲದಿದ್ದರೆ ಹಳೆಯದು ಎನಿಸುತ್ತದೆಯೇ?

ಬಾಗಲಕೋಟೆ: ನನಗೆ ಅವು ಸ್ವಲ್ಪ ಇಷ್ಟ. ಆದರೆ ಡಬ್ಬಿ ಮಡಿಯುವ ಕಡೆಯೇ ಗೆರೆ ಇರಬೇಕು. ನಡುವೆ ಬಂದರೆ ಗಿರಾಕಿ ಜಜ್ಜಿದ ಡಬ್ಬಿ ಎಂದು ಬೇರೆಯದನ್ನು ಎತ್ತಿಕೊಳ್ಳುತ್ತಾನೆ.

ಬೆಳಗಾವಿಯ ಮುದ್ರಕ: ನಾನಂತೂ ಹಾಕುವುದಿಲ್ಲ. ತಿನ್ನುವ ಪದಾರ್ಥ ತಾಜಾ ಕಾಣಬೇಕು. ಅಂದಹಾಗೆ, ಅಜ್ಜನ ಕಾಲದ ಚೀಟಿ ಏನಾದರೂ ಉಳಿದಿದೆಯೇ? ಇದ್ದರೆ ಹೆಸರಿನ ಅಕ್ಷರವನ್ನು ಅದರಿಂದಲೇ ತಿದ್ದಿಕೊಳ್ಳಿ. ಈಗಿನ ಫಾಂಟಿನಲ್ಲಿ ತಲೆಕಟ್ಟು ಎಲ್ಲೆಡೆ ಒಂದೇ ಅಳತೆ. ಕೈಬರಹದಲ್ಲಿ ಎರಡು ‘ಕ’ ಒಂದೇ ತೆರನಾಗಿ ಇರುವುದಿಲ್ಲ.

ಅಮೀನಗಡ: ಒಂದು ತಗಡಿನ ಡಬ್ಬಿ ಇದೆ, ಅರ್ಧ ತುಕ್ಕು. ‘ದಂ’ ಓದಲು ಬರುತ್ತಿಲ್ಲ, ಉಳಿದದ್ದು ಸ್ಪಷ್ಟವಿದೆ. ನಾಳೆ ಬೆಳಕಿನಲ್ಲಿ ಚಿತ್ರ ತೆಗೆದು ಹಾಕುತ್ತೇನೆ.