ಅದೇ ಫೈಲ್, ಒಂದು ಕಡೆ 27%, ಇನ್ನೊಂದು ಕಡೆ 12%

ಮಳೆಬಿಲ್ಲು (ಪ್ರಶ್ನೆ): ನನ್ನ ಪ್ರಬಂಧ ಇಂಗ್ಲಿಷ್‌ನಲ್ಲಿದೆ. ಒಟ್ಟು 8,000 ಪದ, ಅದರಲ್ಲಿ ರೆಫರೆನ್ಸ್ ಪಟ್ಟಿಯೇ 1,600. ಬೇರೆ ಬರಹಗಳಿಗೆ ಹೊಂದುವ ಪದಗಳನ್ನು ಹುಡುಕುವ ಟರ್ನಿಟಿನ್ ತಂತ್ರಾಂಶಕ್ಕೆ ಲೈಬ್ರರಿಯವರು ಹಾಕಿದಾಗ ಹೋಲಿಕೆ 27% ಬಂತು. ಅದೇ ಪಿಡಿಎಫ್ ನಮ್ಮ ಗೈಡ್ ಹಾಕಿದಾಗ 12%. ಒಂದಕ್ಷರವೂ ಬದಲಾಗಿಲ್ಲ. ಎರಡರಲ್ಲಿ ಯಾವುದು ಸರಿ? ನಾನು ಕದ್ದಿಲ್ಲ, ಕೋಟ್ ಮಾಡಿದ್ದಕ್ಕೆಲ್ಲ ಮೂಲ ಕೊಟ್ಟಿದ್ದೇನೆ. ಅನುಭವ ಇದ್ದವರು ಹೇಳಿ.

ಪುಟತಿರುವಿ: ಎರಡೂ ಸರಿ. ಯಾವ ಸ್ವಿಚ್ ಹಾಕಿ, ಯಾವುದನ್ನು ಆಫ್ ಮಾಡಿ ರಿಪೋರ್ಟ್ ತೆಗೆದದ್ದು ಅನ್ನೋದಷ್ಟೇ ವ್ಯತ್ಯಾಸ. ಎರಡೂ ರಿಪೋರ್ಟ್‌ಗಳ ಪಿಡಿಎಫ್ ತರಿಸಿಕೊಂಡು ಮೊದಲು ಕೊನೆಯ ಪುಟ ತೆಗೆಯಿರಿ. ಅಲ್ಲಿ `Exclude quotes`, `Exclude bibliography`, `Exclude matches` ಅಂತ ಮೂರು ಸಾಲು ಇರುತ್ತೆ, ಮೊದಲೆರಡರ ಪಕ್ಕದಲ್ಲಿ `On` ಅಥವಾ `Off`, ಮೂರನೆಯದರ ಪಕ್ಕದಲ್ಲಿ `Off` ಅಥವಾ ಪದಗಳ ಮಿತಿ. ಮೊದಲ ಪುಟದ ದಪ್ಪಕ್ಷರದ ಅಂಕಿಗಿಂತ ನಾನು ಮೊದಲು ನೋಡೋದು ಈ ಮೂರು ಸಾಲನ್ನೇ.

ಲೈಬ್ರರಿಯದ್ದರಲ್ಲಿ ಮೂರೂ `Off`, ಗೈಡ್ ತೆಗೆದದ್ದರಲ್ಲಿ `Exclude bibliography` ಮಾತ್ರ `On` ಇರಬಹುದು ಅಂತ ನನ್ನ ಊಹೆ. 8,000ಕ್ಕೆ 27% ಅಂದರೆ 2,160 ಪದ, 12% ಅಂದರೆ 960. ನಡುವಿನ 1,200 ಪದ ನಿಮ್ಮ ರೆಫರೆನ್ಸ್ ಪಟ್ಟಿಯದೇ.

ಅಷ್ಟೊಂದು ಯಾಕೆ ಅಂತ ಗಾಬರಿ ಬೇಡ. ಪಟ್ಟಿಯ ಒಂದು ನಮೂದನ್ನು ತಗೊಳ್ಳಿ, ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬರೆದದ್ದು: ಇಬ್ಬರ ಹೆಸರು, ಇಸವಿ, ಲೇಖನದ ಶೀರ್ಷಿಕೆ, ನೇಚರ್, ಸಂಪುಟ 171, ಪುಟ 737-738. ಇದರಲ್ಲಿ ನಿಮ್ಮ ಮಾತಿನಲ್ಲಿ ಬದಲಿಸಿ ಬರೆಯಬಹುದಾದ್ದು ಒಂದಾದರೂ ಇದೆಯೇ? ಬದಲಿಸಿದರೆ ಅದೇ ತಪ್ಪು. ಈ ಲೇಖನವನ್ನು ಉಲ್ಲೇಖಿಸಿದವರೆಲ್ಲ, ಒಂದೇ ಶೈಲಿಯಲ್ಲಿ ಬರೆದರೆ, ಇದೇ ಪದಗಳನ್ನು ಇದೇ ಕ್ರಮದಲ್ಲಿ ಬರೆದಿರುತ್ತಾರೆ. ತಂತ್ರಾಂಶಕ್ಕೆ ಅದು ಉಲ್ಲೇಖವೋ ನಕಲೋ ಗೊತ್ತಾಗೋದಿಲ್ಲ, ಸಾಲಾಗಿ ಹೊಂದುವ ಪದ ಕಂಡರೆ ಬಣ್ಣ ಬಳಿಯುತ್ತೆ. ನಮೂದಿಗೆ 25 ಪದದಂತೆ 64 ನಮೂದು ಇದ್ದರೆ ನಿಮ್ಮ 1,600 ಆಯ್ತು.

ಗುರುತಿಸೋದೂ ಸುಲಭ. ಮೂಲಗಳ ಪಟ್ಟಿಯಲ್ಲಿ 1%, 1%, <1%, <1% ಅಂತ ಸಂಬಂಧವೇ ಇಲ್ಲದ ಹತ್ತಾರು ಪ್ರಬಂಧಗಳು ಸಾಲುಗಟ್ಟಿ ನಿಂತಿದ್ದರೆ ಅದು ಬಹುತೇಕ ರೆಫರೆನ್ಸ್ ಪಟ್ಟಿಯ ಕೆಲಸ. ಮೇಲ್ಗಡೆ ಒಂದೇ ಮೂಲ 8-9% ತೋರಿಸುತ್ತಿದ್ದರೆ ಕಥೆ ಬೇರೆ.

ಚಹಾವಿರಾಮ: ಆ ಚಿಲ್ಲರೆ ಮೂಲಗಳನ್ನು ಒಂದೊಂದಾಗಿ ಎಕ್ಸ್‌ಕ್ಲೂಡ್ ಮಾಡಿಬಿಟ್ಟರೆ ಆಯ್ತಲ್ಲ? ಅರ್ಧ ಗಂಟೆ ಕೆಲಸ.

ಪುಟತಿರುವಿ: ಸಂಜೆವರೆಗೆ ಕೂತರೂ ಮುಗಿಯಲ್ಲ. ಒಂದು ಮೂಲ ತೆಗೆದ ಕೂಡಲೇ ಅದೇ ಸಾಲಿಗೆ ಹೊಂದುವ ಇನ್ನೊಂದು ಮೂಲ ಅಡಿಯಿಂದ ಮೇಲೆ ಬರುತ್ತೆ. ಬಣ್ಣ ಬದಲಾಗುತ್ತೆ, ಅಂಕಿ ಕದಲೋದಿಲ್ಲ. ರೆಫರೆನ್ಸ್‌ಗೆ ಮೂಲ ತೆಗೆಯೋದು ಪ್ರಯೋಜನವಿಲ್ಲ, ಆ ಭಾಗವನ್ನೇ ಹೊರಗಿಡಬೇಕು.

ಗಣಿತಪ್ರೇಮಿ: ಪುಟತಿರುವಿಯವರ ಲೆಕ್ಕದಲ್ಲಿ ಒಂದು ಕೊರತೆ. ಪಟ್ಟಿ ಹೊರಗಿಟ್ಟರೆ ಒಟ್ಟು ಪದವೂ 8,000ದಿಂದ 6,400ಕ್ಕೆ ಇಳಿಯಬೇಕಲ್ಲ? ಕೆಳಗಿನ ಅಂಕಿ ಚಿಕ್ಕದಾದರೆ ಪರ್ಸೆಂಟ್ ಏರುತ್ತೆ. ಹಾಗಾಗಿ ಎಕ್ಸ್‌ಕ್ಲೂಡ್ ಮಾಡೋದರಿಂದ ನಷ್ಟ ಆಗೋ ಸಾಧ್ಯತೆಯೇ ಹೆಚ್ಚು.

ಪುಟತಿರುವಿ: ಪ್ರಶ್ನೆ ಒಳ್ಳೆಯದು, ತೀರ್ಮಾನ ಮಾತ್ರ ತಪ್ಪು. ಒಟ್ಟು ಪದವನ್ನೂ ಇಳಿಸಿ ಲೆಕ್ಕ ಹಾಕಿದರು ಅಂತಲೇ ಇಟ್ಟುಕೊಳ್ಳಿ. ಆಗಲೂ ಅಂಕಿ ಏರಬೇಕಾದರೆ, ತೆಗೆದ ಭಾಗದಲ್ಲಿ ಹೊಂದಿಕೆಯ ಪ್ರಮಾಣ ಇಡೀ ಪ್ರಬಂಧದ್ದಕ್ಕಿಂತ ಕಡಿಮೆ ಇರಬೇಕು. ಇಡೀ ಪ್ರಬಂಧದ್ದು 27%. ಪಟ್ಟಿಯಲ್ಲಿ 1,600ಕ್ಕೆ 1,200 ಅಂದರೆ 75%. ಅದನ್ನು ತೆಗೆದರೆ ಯಾವ ಲೆಕ್ಕದಲ್ಲೂ ಇಳಿಯಲೇಬೇಕು: 960ನ್ನು 8,000ದಿಂದ ಭಾಗಿಸಿದರೆ 12, 6,400ರಿಂದ ಭಾಗಿಸಿದರೆ 15.

ಇವರ ರಿಪೋರ್ಟ್‌ನಲ್ಲಿ ಯಾವ ಲೆಕ್ಕ ನಡೆದಿದೆ ಅಂತ ಪರೀಕ್ಷಿಸಬಹುದು. ಲೈಬ್ರರಿಯ ಪ್ರತಿಯಲ್ಲಿ ಪಟ್ಟಿಯೊಳಗೆ ಬಣ್ಣ ಬಿದ್ದ ಪದಗಳನ್ನು ಎಣಿಸಿ. 1,200ರ ಆಸುಪಾಸು ಇದ್ದರೆ ಒಟ್ಟು ಪದ ಹಾಗೇ ಉಳಿದಿದೆ. 1,400ರ ಹತ್ತಿರ ಇದ್ದರೆ ಇಳಿದಿದೆ, ಯಾಕಂದರೆ 6,400ರ 12% ಸುಮಾರು 770 ಮಾತ್ರ. ಎರಡೂ ಪ್ರತಿ ಕೈಲಿರೋದು ಅವರೊಬ್ಬರಿಗೇ, ಎಣಿಸಿ ಹೇಳಿದರೆ ನಮಗೂ ತಿಳಿಯುತ್ತೆ.

ಕೊನೆಬೆಂಚು_ಸಂಶೋಧಕಿ: ನಂದೂ ಇದೇ ಸಮಸ್ಯೆ! ಕರಡು ಹಾಕಿದಾಗ 9%, ತಿದ್ದಿದ ಪ್ರತಿ ಹಾಕಿದಾಗ 94%. ಕೋಟ್, ರೆಫರೆನ್ಸ್ ಎರಡೂ ತೆಗೆದರೂ 90ರ ಕೆಳಗೆ ಬರ್ತಿಲ್ಲ.

ಪುಟತಿರುವಿ: ಇದು ಬೇರೆ ರೋಗ ಮೇಡಂ. ನಿಮ್ಮ ಕರಡು ಟರ್ನಿಟಿನ್‌ನವರ ಭಂಡಾರ, ಅಂದರೆ ರೆಪಾಸಿಟರಿ, ಸೇರಿಬಿಟ್ಟಿದೆ, ಎರಡನೇ ಪ್ರತಿ ಅದರ ಜೊತೆಗೇ ಹೊಂದುತ್ತಿದೆ. ಇಲ್ಲಿ ಮಾತ್ರ ಆ ಒಂದು ಮೂಲವನ್ನು ಹೊರಗಿಡೋದು ಕೆಲಸ ಮಾಡುತ್ತೆ. ನಿಮ್ಮ ಖಾತೆ ನೋಡಿಕೊಳ್ಳುವವರಿಗೆ ಹೇಳಿ, ಮುಂದಿನ ಕರಡುಗಳನ್ನು ರೆಪಾಸಿಟರಿಗೆ ಸೇರಿಸದೆ ಹಾಕಲು ಕೇಳಿಕೊಳ್ಳಿ. ಮಳೆಬಿಲ್ಲು ಅವರ ಫೈಲ್ ಹಾಗೆ ಸೇರಿಸದೆ ಹಾಕಿದ್ದರಿಂದಲೇ ಎರಡನೇ ಸಲ 100ರ ಹತ್ತಿರ ಹೋಗದೆ ಬಚಾವಾಗಿದೆ.

ಮಳೆಬಿಲ್ಲು: ನೋಡಿದೆ. ಗೈಡ್ ಪ್ರತಿಯಲ್ಲಿ ಬಿಬ್ಲಿಯಾಗ್ರಫಿ ಮಾತ್ರ `On`. ಅವರ ಹತ್ತಿರ ಕೂತು ಕೋಟ್ಸ್ ಕೂಡ `On` ಮಾಡಿಸಿದೆ. 12 ಇದ್ದದ್ದು 10 ಆಯ್ತು, ಅಷ್ಟೇ. ನನ್ನ ಲೆಕ್ಕದಲ್ಲಿ ಬಣ್ಣ ಬಿದ್ದ ಉದ್ಧರಣೆಗಳೇ 560 ಪದ ಇವೆ, 5%ಕ್ಕೆ ಇಳಿಯಬೇಕಿತ್ತು.

ಕರಡುತಿದ್ದುಗ: ಕೋಟ್ ಹೇಗೆ ಹಾಕಿದ್ದೀರಿ? ಒಂಟಿ ಚಿಹ್ನೆಯೋ ಜೋಡಿಯೋ? ಟರ್ನಿಟಿನ್ ಜೋಡಿ ಉದ್ಧರಣ ಚಿಹ್ನೆಯನ್ನು ಗುರುತಿಸುತ್ತೆ, ಒಂಟಿ ಚಿಹ್ನೆಯೊಳಗಿನದನ್ನು ನಿಮ್ಮದೇ ಬರಹ ಅಂತ ಎಣಿಸುತ್ತೆ. ಎರಡನೆಯದು, ಅಂಚಿನಿಂದ ಒಳಗೆ ಸರಿಸಿದ ಉದ್ದದ ಉದ್ಧರಣೆ. ಅದನ್ನು ಕೋಟ್ ಅಂತ ಗುರುತಿಸೋದು `.doc`, `.docx` ಫೈಲ್‌ನಲ್ಲಿ ಮಾತ್ರ. ನೀವು ಕೊಟ್ಟಿರೋದು ಪಿಡಿಎಫ್.

ಮಳೆಬಿಲ್ಲು: ಅಯ್ಯೋ, ಅರ್ಧಕ್ಕಿಂತ ಹೆಚ್ಚು ಒಂಟಿ ಚಿಹ್ನೆ. ಎಣಿಸಿದೆ: ಜೋಡಿಯಲ್ಲಿ 160 ಪದ, ಒಂಟಿಯಲ್ಲಿ 240, ಒಳಗೆ ಸರಿಸಿದ ಮೂರು ಪ್ಯಾರಾ ಸೇರಿ 160.

ಕರಡುತಿದ್ದುಗ: ಹಾಗಾದರೆ ಸರಿಹೋಯ್ತು. ಜೋಡಿಯ 160 ಹೋಯ್ತು, 960ರಿಂದ 800, ಅಂದರೆ 10%. ಒಂಟಿಯವನ್ನು ಜೋಡಿ ಮಾಡಿದರೆ 560, ಅಂದರೆ 7%. ವರ್ಡ್ ಫೈಲ್ ಕೊಟ್ಟು ಆ ಮೂರು ಪ್ಯಾರಾನೂ ಗುರುತಾದರೆ 400, ನೀವು ಅಂದುಕೊಂಡ 5%.

ಇನ್ನೊಂದು ವಿಷಯ: ಕೋಟ್ ಮಾಡಿದ ಮೂಲ ಅವರ ಭಂಡಾರದಲ್ಲೇ ಇಲ್ಲದಿದ್ದರೆ ಆ ಉದ್ಧರಣೆಗೆ ಮೊದಲೇ ಬಣ್ಣ ಬಿದ್ದಿರೋದಿಲ್ಲ. ಹೊರಗಿಟ್ಟರೂ ಒಂದು ಪದವೂ ಕಡಿಮೆಯಾಗಲ್ಲ. ಸೆಟ್ಟಿಂಗ್ ಕೆಟ್ಟಿದೆ ಅಂತ ತಿಳಿದುಕೊಳ್ಳಬೇಡಿ.

ಚಹಾವಿರಾಮ: ಅಂದರೆ ಬಣ್ಣ ಬಿದ್ದ ಪ್ಯಾರಾಗಳಿಗೆಲ್ಲ ಜೋಡಿ ಚಿಹ್ನೆ ಹಾಕಿಬಿಟ್ಟರೆ ಶೂನ್ಯ! ಇಷ್ಟು ದಿನ ಯಾರೂ ಹೇಳಲೇ ಇಲ್ಲ.

ಕರಡುತಿದ್ದುಗ: ಅಂಕಿ ಇಳಿಯುತ್ತೆ, ನಿಜ. ಚಿಹ್ನೆಯ ಪಕ್ಕದಲ್ಲಿ ಮೂಲದ ಹೆಸರಿದೆಯೇ ಅಂತ ಆ ಸ್ವಿಚ್ ನೋಡೋದಿಲ್ಲ. ಆದ್ದರಿಂದಲೇ ಬಲ್ಲ ಪರೀಕ್ಷಕರು ಎಲ್ಲವನ್ನೂ `Off` ಮಾಡಿ ಇನ್ನೊಂದು ಸಲ ನೋಡುತ್ತಾರೆ. `Off`ನಲ್ಲಿ 40, `On`ನಲ್ಲಿ 4 ಇದ್ದು ಪಟ್ಟಿ ಚಿಕ್ಕದಿದ್ದರೆ, ಪ್ರಬಂಧದ ಮೂರನೇ ಒಂದು ಭಾಗ ಬೇರೆಯವರ ಮಾತು ಅಂತ ತಾನೇ ಅರ್ಥ? ಚಿಹ್ನೆ ಹಾಕಿದ ಮಾತ್ರಕ್ಕೆ ಅದು ನಿಮ್ಮ ಬರಹ ಆಗಲ್ಲ.

ಪುಟತಿರುವಿ: ಬಿಬ್ಲಿಯಾಗ್ರಫಿ ಸ್ವಿಚ್‌ದೂ ಹೀಗೇ ಒಂದು ಕುರುಡುತನ ಇದೆ. ಅದು ಪಟ್ಟಿಯನ್ನು ಹುಡುಕೋದು ಶೀರ್ಷಿಕೆಯಿಂದ. `References`, `Bibliography`, `Works Cited` ಇಂಥವು ಒಂದು ಸಾಲಿನಲ್ಲಿ ತಾವೇ ಇರಬೇಕು. `Sources I Consulted` ಅಂತ ಸೊಗಸಾಗಿ ಬರೆದರೆ ಸಿಗದೇ ಹೋಗಬಹುದು. `On` ಮಾಡಿದ ಮೇಲೂ ಪಟ್ಟಿಯಲ್ಲಿ ಬಣ್ಣ ಉಳಿದಿದ್ದರೆ ಮೊದಲು ಶೀರ್ಷಿಕೆಯ ಸಾಲು ನೋಡಿ. ಇದರ ತಿರುವುಮುರುವೂ ಆಗುತ್ತೆ: ಪಟ್ಟಿಯ ನಂತರ ಅನುಬಂಧ ಇದ್ದರೆ ಅದನ್ನೂ ಪಟ್ಟಿಯ ಬಾಲ ಅಂತ ನುಂಗಿಹಾಕಬಹುದು. ಅನುಬಂಧಕ್ಕೆ `Appendix` ಅಂತ ಸ್ಪಷ್ಟ ಶೀರ್ಷಿಕೆ ಕೊಡಿ, `On` ಮಾಡುವ ಮುಂಚೆ ಅಲ್ಲಿದ್ದ ಬಣ್ಣ ಆಮೇಲೂ ಇದೆಯೇ ನೋಡಿ.

ಗಣಿತಪ್ರೇಮಿ: ಮೂರನೇ ಸಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕ ಹೊಂದಿಕೆಗಳನ್ನು 10 ಪದದ ಕೆಳಗಿದ್ದರೆ ಬಿಡು ಅಂತ ಹಾಕಿದರೆ ಇನ್ನೂ ಇಳಿಯುತ್ತಲ್ಲ. 20 ಹಾಕಿದರೆ ಇನ್ನಷ್ಟು.

ಪುಟತಿರುವಿ: ಇಳಿಯುತ್ತೆ, ಆದರೆ ಅಪಾಯದ ಸ್ವಿಚ್ ಇದೇ. ಮಳೆಬಿಲ್ಲು ಅವರ ಉಳಿದ 400ರಲ್ಲಿ 160 ಪದ ವಿಧಾನದ ಭಾಗದ ಸಿದ್ಧವಾಕ್ಯಗಳು ಅಂತ ಇಟ್ಟುಕೊಳ್ಳಿ, ಒಂದೊಂದೂ 6-8 ಪದ. ಅವು ಹೋದರೆ 240, ಅಂದರೆ 3%. ಇಲ್ಲಿಗೆ ನ್ಯಾಯವೇ. ಆದರೆ ಒಬ್ಬರ ಪ್ಯಾರಾ ಎತ್ತಿಕೊಂಡು ಪ್ರತಿ ಎಂಟನೇ ಪದ ಬದಲಿಸಿದವರೂ ಇದೇ ಜಾಲರಿಯಲ್ಲಿ ಜಾರಿಹೋಗುತ್ತಾರೆ, ಅವರ ತುಂಡುಗಳೂ ಏಳೇ ಪದ. ಮಿತಿಯನ್ನು 20ಕ್ಕೆ ಏರಿಸಿದಷ್ಟೂ ಇಂಥವರಿಗೇ ಅನುಕೂಲ.

ಟರ್ನಿಟಿನ್‌ನಂಥದ್ದೇ ತಂತ್ರಾಂಶ ಐಥೆಂಟಿಕೇಟ್ ಬಳಸುವವರು ಇನ್ನೊಂದು ಗಮನಿಸಿ. ಅಲ್ಲಿ ಚಿಕ್ಕ ಹೊಂದಿಕೆ ಬಿಡೋದು ಬೇರೆ, ಚಿಕ್ಕ ಮೂಲ ಬಿಡೋದು ಬೇರೆ. ಒಂದೇ ಮೂಲದಿಂದ ಏಳು ಪದದ ಒಂಬತ್ತು ತುಂಡು ಇದ್ದರೆ ಒಟ್ಟು 63 ಪದ. ಹೊಂದಿಕೆಗೆ 10ರ ಮಿತಿ ಹಾಕಿದರೆ ಒಂಬತ್ತೂ ಮಾಯ. ಮೂಲಕ್ಕೆ 10ರ ಮಿತಿ ಹಾಕಿದರೆ ಒಂದೂ ಹೋಗಲ್ಲ.

ಮಳೆಬಿಲ್ಲು: ಒಂಟಿ ಚಿಹ್ನೆ ಬದಲಿಸ್ತಾ ಇದ್ದೇನೆ. ಆದರೆ ಲೈಬ್ರರಿಯಲ್ಲಿ ಪಿಡಿಎಫ್ ಮಾತ್ರ ತಗೊಳ್ಳೋದಂತೆ. ಒಳಗೆ ಸರಿಸಿದ ಮೂರು ಪ್ಯಾರಾಗಳಿಗೂ ಜೋಡಿ ಚಿಹ್ನೆ ಹಾಕಿಬಿಡಲಾ?

ಚಹಾವಿರಾಮ: ಹಾಕಿ, ಯಾರು ನೋಡ್ತಾರೆ.

ಕರಡುತಿದ್ದುಗ: ಎಪಿಎ ಶೈಲಿಯಾದರೆ ಬೇಡ. ಅದರಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಪದಗಳ ಉದ್ಧರಣೆಯನ್ನು ಚಿಹ್ನೆಯಿಲ್ಲದೆ ಒಳಗೆ ಸರಿಸಬೇಕು, 2%ಗಾಗಿ ಶೈಲಿ ಕೆಡಿಸಿದರೆ ಪರೀಕ್ಷಕರು ಅದಕ್ಕೇ ಕೆಂಪು ಗೆರೆ ಎಳೆಯುತ್ತಾರೆ. ಮೂರು ಪ್ಯಾರಾಗಳ ಪುಟಸಂಖ್ಯೆ, ಪದಸಂಖ್ಯೆ ಒಂದು ಹಾಳೆಯಲ್ಲಿ ಬರೆದು ರಿಪೋರ್ಟ್ ಜೊತೆ ಲಗತ್ತಿಸಿ.

ಪುಟತಿರುವಿ: ನಾನಾಗಿದ್ದರೆ ಆ ಮೂರರಲ್ಲಿ ಎರಡನ್ನು ಸ್ವಂತ ಮಾತಿನಲ್ಲಿ ಬರೆದು ಮೂಲ ಕೊಡುತ್ತಿದ್ದೆ. ಅಷ್ಟುದ್ದ ಯಥಾವತ್ತು ಬೇಕಾ ಅನ್ನೋದು ಮಾತ್ರ ನಿಮಗೂ ನಿಮ್ಮ ಗೈಡ್‌ಗೂ ಬಿಟ್ಟದ್ದು. ಅಂದ ಹಾಗೆ, ಪಟ್ಟಿಯಲ್ಲಿ ಬಣ್ಣದ ಪದ ಎಷ್ಟಿತ್ತು, 1,200ರೋ 1,400ರೋ?