ಕೊನೆ ಗಳಿಗೆಯಲ್ಲಿ ಬರುವ ಕೂಪನ್ ಸೈಟಿಗೆ ಕಮಿಷನ್ ಯಾಕೆ?

ಪ್ರಶ್ನೆ: ನನ್ನದು ಸಣ್ಣ ಆನ್‌ಲೈನ್ ಅಂಗಡಿ. ಹೋದ ತಿಂಗಳು ಒಂದೇ ಕೂಪನ್ ಸೈಟು 412 ಆರ್ಡರ್ ತಂದಿದೆ ಅಂತ ಅಫಿಲಿಯೇಟ್ ವರದಿ, ಅಂದರೆ ಗಿರಾಕಿ ಕಳಿಸಿದವರಿಗೆ ಕಮಿಷನ್ ಕೊಡುವ ಲೆಕ್ಕ, ಹೇಳುತ್ತಿದೆ. ಒಟ್ಟು ಮಾರಾಟ ಮಾತ್ರ ಇದ್ದಲ್ಲೇ ಇದೆ. ಇವರು ನಿಜವಾಗಿ ಗಿರಾಕಿ ತರುತ್ತಿದ್ದಾರಾ ಅಂತ ತಿಳಿಯುವುದು ಹೇಗೆ?

ಮಾರ್ಕೆಟಿಂಗ್‌ನಲ್ಲಿರುವ ಒಬ್ಬರು: ಆ ಆರ್ಡರ್‌ಗಳಲ್ಲಿ ಹೊಸ ಗಿರಾಕಿಗಳು ಎಷ್ಟು ನೋಡಿ. ಹೊಸಬರೇ ಜಾಸ್ತಿ ಇದ್ದರೆ ಸೈಟು ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ಅಫಿಲಿಯೇಟ್ ಲೆಕ್ಕ ನೋಡುವವರು: ಹಳೆಬರೇ ತುಂಬಿದ್ದರೆ ಅನುಮಾನ ಪಡಬೇಕು, ಅದು ಸರಿ. ಆದರೆ ಹೊಸಬರು ಅಂದ ಮಾತ್ರಕ್ಕೆ ಕೂಪನ್ ಸೈಟೇ ಕರೆತಂದಿತು ಅನ್ನಲಾಗದು. ಹೊಸಬರೂ ಮೊದಲು ಕಾರ್ಟ್ ತುಂಬಿಸಿ, ಹಣ ಕಟ್ಟುವ ಪುಟದಲ್ಲಿ ಕೋಡ್ ಹಾಕುವ ಖಾಲಿ ಡಬ್ಬಿ ನೋಡಿ, ಇನ್ನೊಂದು ಟ್ಯಾಬ್‌ನಲ್ಲಿ ನಿಮ್ಮ ಅಂಗಡಿಯ ಹೆಸರಿನ ಜೊತೆ ಕೂಪನ್ ಅಂತ ಹುಡುಕುತ್ತಾರೆ. ಅಲ್ಲಿ ಸಿಕ್ಕ ಲಿಂಕ್ ಒತ್ತಿ ವಾಪಸ್ ಬರುತ್ತಾರೆ. ಕೊನೆಯ ಕ್ಲಿಕ್ ಯಾರದೋ ಅವರಿಗೇ ಕಮಿಷನ್ ಅನ್ನುವ ನಿಯಮ ಇದ್ದರೆ ಪೂರ್ತಿ ದುಡ್ಡು ಆ ಸೈಟಿಗೇ.

ಅದಕ್ಕೇ ನಾನು ಮೊದಲು ಹೊತ್ತು ನೋಡುತ್ತೇನೆ. ಆರ್ಡರ್ ಸಂಖ್ಯೆ, ಕ್ಲಿಕ್ ಆದ ಸಮಯ ಎರಡೂ ಇರುವ ವರದಿಯನ್ನು ಅಂಗಡಿಗೂ ಸೈಟಿಗೂ ನಡುವೆ ಲೆಕ್ಕ ಇಡುವ ಅಫಿಲಿಯೇಟ್ ನೆಟ್‌ವರ್ಕ್‌ನಿಂದ ತರಿಸಿಕೊಳ್ಳಿ. ಅದೇ ಆರ್ಡರ್‌ಗಳಿಗೆ ಮೊದಲ ವಸ್ತು ಕಾರ್ಟ್‌ಗೆ ಬಿದ್ದ ಸಮಯವನ್ನು ನಿಮ್ಮ ಅಂಗಡಿಯ ದಾಖಲೆಯಿಂದ ತೆಗೆದು ಪಕ್ಕದಲ್ಲಿಡಿ. ಎರಡೂ ಕಡೆ ಟೈಮ್ ಝೋನ್ ಒಂದೇನಾ ಅಂತ ಖಂಡಿತ ನೋಡಿ. ನಾನು ಒಮ್ಮೆ ಅದನ್ನು ಮರೆತು ಒಬ್ಬ ಒಳ್ಳೆಯ ಪಾರ್ಟ್ನರ್ ಮೇಲೆ ತಪ್ಪು ಹೊರಿಸಿದ್ದೆ. ಇವತ್ತಿಗೂ ಆ ಬೇಸರ ಇದೆ.

ಲಾಗ್‌ನಲ್ಲಿ ಸಾಮಾನ್ಯವಾಗಿ ಹೀಗೆ ಕಾಣುತ್ತದೆ:

```
21:14:08  /cart
21:14:51  /checkout
21:15:30  /checkout?aff=C17
21:16:02  /order/done
```

ಹಣ ಕಟ್ಟುವ ಪುಟ ತೆರೆದು 39 ಸೆಕೆಂಡ್ ಆದ ಮೇಲೆ `aff=C17` ಅನ್ನುವ ಅಫಿಲಿಯೇಟ್ ಗುರುತು ಬಂದಿದೆ. ಇನ್ನು 32 ಸೆಕೆಂಡಿಗೆ ಆರ್ಡರ್ ಮುಗಿದಿದೆ. ಕೊಳ್ಳುವ ಮನಸ್ಸು ಅದಕ್ಕೂ ಮೊದಲೇ ಆಗಿತ್ತು, ಅಲ್ವಾ? ಕ್ಲಿಕ್ ನೇರ `/checkout`ಗೇ ಬಂದು ಇಳಿದಿದ್ದರೆ ಅದು ಬಹುಮಟ್ಟಿಗೆ ಬ್ರೌಸರ್‌ಗೆ ಸೇರಿಸಿಕೊಂಡ, ತಾನೇ ಕೂಪನ್ ಹುಡುಕುವ ಎಕ್ಸ್‌ಟೆನ್ಷನ್ ಕೆಲಸ. ಕೂಪನ್ ಪುಟಗಳ ಲಿಂಕ್ ಹೆಚ್ಚಾಗಿ ಮುಖಪುಟಕ್ಕೋ ವಸ್ತುವಿನ ಪುಟಕ್ಕೋ ಹೋಗುತ್ತದೆ.

ಬ್ಲಾಗ್ ಬರೆಯುವವರು: ನನಗೆ ಆಗಿರುವುದು ಇದೇ. ವಾರಗಟ್ಟಲೆ ಬಳಸಿ ನೋಡಿ ವಿಮರ್ಶೆ ಬರೆಯುತ್ತೇನೆ. ಓದಿದವರು ನನ್ನ ಲಿಂಕ್‌ನಿಂದಲೇ ಹೋಗುತ್ತಾರೆ. ಕೊನೆಯಲ್ಲಿ ಎಕ್ಸ್‌ಟೆನ್ಷನ್ ಕಿಟಕಿ ತೆರೆದುಕೊಂಡು ನನ್ನ ಗುರುತು ಅಳಿಸಿ ತನ್ನದನ್ನು ಇಡುತ್ತದೆ. ಎಷ್ಟೋ ಸಲ ಕೂಪನ್ನೂ ಸಿಗುವುದಿಲ್ಲ! 2025ರಲ್ಲಿ ಕ್ರೋಮ್ ನಿಯಮ ಬಿಗಿ ಮಾಡಿತಲ್ಲ, ಇನ್ನೂ ನಿಂತಿಲ್ಲವಾ?

ಅಫಿಲಿಯೇಟ್ ಲೆಕ್ಕ ನೋಡುವವರು: ಬಳಸುವವರಿಗೆ ಏನೂ ಲಾಭವಿಲ್ಲದೆ ಅಫಿಲಿಯೇಟ್ ಗುರುತು ಹಾಕಬಾರದು ಅಂತ ಆ ನಿಯಮ. ನಿಜವಾದ ರಿಯಾಯಿತಿ ತೋರಿಸಿದರೆ ಹಾಕಬಹುದು. ನಿಮ್ಮ ಪಾಲನ್ನು ಉಳಿಸಬೇಕಾದವರು ಅಂಗಡಿಯವರು. ಮೊದಲೇ ಬೇರೆ ಪಾರ್ಟ್ನರ್ ಕ್ಲಿಕ್ ಇದ್ದರೆ ಎಕ್ಸ್‌ಟೆನ್ಷನ್ ಸುಮ್ಮನಿರಬೇಕು ಅಂತ ಕರಾರಿನಲ್ಲಿ ಬರೆಸಿ, ಅದನ್ನು ಪರೀಕ್ಷೆ ಮಾಡುತ್ತಲೂ ಇರಬೇಕು.

ಪ್ರಶ್ನೆ ಕೇಳಿದವರು: ಲೆಕ್ಕ ಹಾಕಿದೆ. 412ರಲ್ಲಿ 347 ಆರ್ಡರ್‌ಗಳಿಗೆ ಕಾರ್ಟ್ ಮೊದಲು, ಕ್ಲಿಕ್ ಆಮೇಲೆ. ಈ 347ಕ್ಕೂ ಕಮಿಷನ್ ನಿಲ್ಲಿಸಿಬಿಡಲಾ?

ಅಫಿಲಿಯೇಟ್ ಲೆಕ್ಕ ನೋಡುವವರು: ಸ್ವಲ್ಪ ತಡೆಯಿರಿ. ಕಾರ್ಟ್ ಮೊದಲಿತ್ತು ಅಂದರೆ ಆ 347 ಜನವೂ ಹೇಗಿದ್ದರೂ ಕೊಳ್ಳುತ್ತಿದ್ದರು ಅಂತಲ್ಲ. ಕೆಲವರು ಬೆಲೆ ನೋಡಿ ಹಿಂಜರಿದು, ಕೂಪನ್ ಸಿಕ್ಕಿದ್ದಕ್ಕೇ ಕೊಂಡಿರಬಹುದು. ಅಂಥವರು ಎಷ್ಟು ಅಂತ ಲಾಗ್ ಹೇಳುವುದಿಲ್ಲ. ಆ ಸೈಟನ್ನು ನಿಲ್ಲಿಸಿಯೇ ನೋಡಬೇಕು.

ನಾನು ನೋಡಿಕೊಂಡ ಒಂದು ಅಂಗಡಿಯಲ್ಲಿ ನಾಲ್ಕು ವಾರ ಹೀಗೆ ಮಾಡಿದೆವು. ಸೈಟಿಗೆ ಮೊದಲೇ ತಿಳಿಸಿ, ಒಂದು ವಾರ ಲಿಂಕು, ಕೋಡ್ ಎರಡೂ ಚಾಲೂ, ಮುಂದಿನ ವಾರ ಎರಡೂ ಬಂದ್. ಚಾಲೂ ಇದ್ದ ವಾರಗಳಲ್ಲಿ ಅಂಗಡಿಯ ಒಟ್ಟು ಆರ್ಡರ್ 760 ಮತ್ತು 742. ಬಂದ್ ಆದ ವಾರಗಳಲ್ಲಿ 748 ಮತ್ತು 731. ವಾರಕ್ಕೆ ಸುಮಾರು 100 ಆರ್ಡರ್ ತನ್ನದು ಅಂತ ಸೈಟು ಹೇಳುತ್ತಿತ್ತು. ನಿಲ್ಲಿಸಿದಾಗ ಕಡಿಮೆಯಾದದ್ದು ವಾರಕ್ಕೆ ಸರಾಸರಿ 11ರಿಂದ 12. ಇಷ್ಟು ಏರಿಳಿತ ಸುಮ್ನೆಯೂ ಆಗುತ್ತದೆ, ಹಾಗಾಗಿ 12 ಅನ್ನುವುದನ್ನೂ ಗಟ್ಟಿಯಾಗಿ ಹಿಡಿಯಬೇಡಿ. 100 ಅಲ್ಲ ಅನ್ನುವುದಂತೂ ಸ್ಪಷ್ಟ. ದೊಡ್ಡ ರಿಯಾಯಿತಿ ಮಾರಾಟ ಇರುವ ವಾರಗಳಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ, ಲೆಕ್ಕ ಕೆಡುತ್ತದೆ.

ಮಾರ್ಕೆಟಿಂಗ್‌ನಲ್ಲಿರುವ ಒಬ್ಬರು: ಇಷ್ಟೆಲ್ಲ ಯಾಕೆ? ಕೋಡ್ ಹಾಕುವ ಡಬ್ಬಿಯನ್ನೇ ತೆಗೆದರೆ ಆಯಿತಲ್ಲ.

ಅಫಿಲಿಯೇಟ್ ಲೆಕ್ಕ ನೋಡುವವರು: ಹುಡುಕಲು ಹೋಗುವವರು ಕಡಿಮೆಯಾಗುತ್ತಾರೆ, ನಿಜ. ಡಬ್ಬಿಯನ್ನು ಒಂದು ಸಣ್ಣ ಲಿಂಕ್ ಹಿಂದೆ ಅಡಗಿಸಿದರೂ ಸಾಕು. ಆದರೆ ಕೋಡ್ ಇಲ್ಲದೆಯೂ ಕ್ಲಿಕ್ ಆದರೆ ಸಾಕು, ಗುರುತು ಬೀಳುತ್ತದೆ.

ಪ್ರಶ್ನೆ ಕೇಳಿದವರು: ಪರೀಕ್ಷೆ ಮಾಡುತ್ತೇನೆ ಅಂತ ಸೈಟಿನವರಿಗೆ ಬರೆದೆ. ಹಾಗಾದರೆ ನಮ್ಮ ಸೈಟಿನಲ್ಲಿರುವ ನಿಮ್ಮ ಅಂಗಡಿಯ ಪುಟದಲ್ಲಿ ಬೇರೆ ಅಂಗಡಿಯ ಆಫರ್ ಹಾಕುತ್ತೇವೆ ಅಂದರು. ಏನು ಮಾಡಲಿ?

ಅಫಿಲಿಯೇಟ್ ಲೆಕ್ಕ ನೋಡುವವರು: ಹಾಗೆ ಮಾಡುವವರು ಇದ್ದಾರೆ, ಅದರಿಂದ ಕೆಲವು ಗಿರಾಕಿಗಳು ಹೋಗಲೂಬಹುದು. ನನ್ನ ಪ್ರಕಾರ ಪೂರ್ತಿ ಬಿಡಬೇಡಿ. ಕಾರ್ಟ್ ಮೊದಲಿದ್ದ ಆರ್ಡರ್‌ಗೆ ಕಡಿಮೆ ದರ, ಕ್ಲಿಕ್ ಮೊದಲು ಬಂದ 65ಕ್ಕೆ ಈಗಿನ ದರ ಅಂತ ಕೇಳಿ ನೋಡಿ. ನಿಮ್ಮ ನೆಟ್‌ವರ್ಕ್‌ನಲ್ಲಿ ಹಾಗೆ ಎರಡು ದರ ಇಡಲು ಬರುತ್ತದಾ, ಮೊದಲು ಅದನ್ನು ವಿಚಾರಿಸಿ ಇಲ್ಲಿ ಬರೆಯಿರಿ.