ವಾಟರ್ ಪ್ಯೂರಿಫೈಯರ್ ಮ್ಯಾನುಯಲ್: ಎಚ್ಚರಿಕೆ ಎಲ್ಲಿ ಹಾಕೋದು, ಟೇಬಲ್ ಹೇಗೆ ಮಾಡೋದು?

ಚಿಂತಾಮಣಿ_ಆರ್‌ಓ
ನಮಸ್ಕಾರ. ಚಿಂತಾಮಣಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಮನೆಗೆ ಹಾಕುವ ಆರ್‌ಓ-ಯುವಿ ಪ್ಯೂರಿಫೈಯರ್ ಜೋಡಿಸಿ ಮಾರುತ್ತೇವೆ. ಜೊತೆಗೆ ಕೊಡುವ ಕನ್ನಡ ಮ್ಯಾನುಯಲ್ ಹೊಸದಾಗಿ ಬರೆಯುತ್ತಿದ್ದೇನೆ. ಈಗ ಇರುವುದರಲ್ಲಿ ಮೊದಲ ಪುಟದ ತುಂಬ ಎಚ್ಚರಿಕೆ, ಆಮೇಲೆ ಗೋಡೆಗೆ ಕೂರಿಸುವ ಕ್ರಮ, ಕೊನೆಗೆ ದೋಷದ ಟೇಬಲ್. ಯಾರೂ ಓದುವುದಿಲ್ಲ. ‘ವೇಸ್ಟ್ ನೀರು ನಿಲ್ತಾನೇ ಇಲ್ಲ’ ಎಂದು ಫೋನ್ ಮಾಡುತ್ತಾರೆ. ಉತ್ತರ ಟೇಬಲ್‌ನಲ್ಲೇ ಇದೆ, ಆದರೆ ಅವರಿಗೆ ಸಿಗುವುದಿಲ್ಲ. ಟೇಬಲ್‌ನ ಎರಡು ಸಾಲು ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ.

| ದೋಷ | ಕಾರಣ | ಪರಿಹಾರ |
|---|---|---|
| ಸೊಲೆನಾಯ್ಡ್ ವಾಲ್ವ್ ವೈಫಲ್ಯ | ಕಸ ಸಿಲುಕಿರುವುದು | ಸರ್ವಿಸ್‌ಗೆ ಕರೆ ಮಾಡಿ |
| ಮೆಂಬ್ರೇನ್ ಚೋಕ್ | ಗಡಸು ನೀರು | ಸರ್ವಿಸ್‌ಗೆ ಕರೆ ಮಾಡಿ |

ಮೇಷ್ಟ್ರು_ತುಮಕೂರು
ಎಚ್ಚರಿಕೆ ಮೊದಲ ಪುಟದಲ್ಲೇ ಇರಬೇಕು ಸಾರ್. ಕೆಂಪು ಅಕ್ಷರದಲ್ಲಿ, ದೊಡ್ಡದಾಗಿ. ನಾಳೆ ಯಾರಿಗಾದರೂ ಶಾಕ್ ಹೊಡೆದರೆ ‘ನಾವು ಹೇಳಿದ್ದೆವು’ ಎನ್ನಲು ಆಧಾರ ಬೇಕಲ್ವಾ. ಟೇಬಲ್ ಚೆನ್ನಾಗಿಯೇ ಇದೆ.

ಕೈಪಿಡಿ_ಕಮಲ
ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಯಾವಾಗಲೂ ಅನ್ವಯಿಸುವ ಎಚ್ಚರಿಕೆ ಮುಂದೆ ಇರಲಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್‌ಗೇ ಹಾಕಿ, ಮುಚ್ಚಳ ತೆಗೆಯುವ ಮುನ್ನ ಪ್ಲಗ್ ಕೀಳಿ, ಬಿಸಿನೀರಿನ ಲೈನಿಗೆ ಜೋಡಿಸಬೇಡಿ. ಅಷ್ಟು ಸಾಕು. ಒಂದು ಕೆಲಸಕ್ಕೆ ಮಾತ್ರ ಸಂಬಂಧಿಸಿದ ಎಚ್ಚರಿಕೆ ಆ ಕೆಲಸ ಬರೆದಿರುವ ಜಾಗದಲ್ಲೇ ಇರಬೇಕು. ಅದೂ ಕೆಲಸಕ್ಕಿಂತ ಮೊದಲು, ನಂತರ ಅಲ್ಲ.

ಯುವಿ ದೀಪ ನೋಡಿ. ಮೊದಲ ಪುಟದಲ್ಲಿ ‘ಯುವಿ ಬೆಳಕು ಕಣ್ಣಿಗೆ ಹಾನಿಕರ’ ಎಂದಿರುತ್ತದೆ. ಆರು ತಿಂಗಳ ಮೇಲೆ ಯುವಿ ಸೂಚಕ ಆರುತ್ತದೆ. ಮನೆಯವರು ಟೇಬಲ್ ತೆಗೆದು ನೋಡಿದರೆ ‘ಯುವಿ ದೀಪ ಪರೀಕ್ಷಿಸಿ’ ಎಂದು ಬರೆದಿರುತ್ತದೆ. ಅವರೇನು ಮಾಡುತ್ತಾರೆ? ಕರೆಂಟ್ ಇರುವಾಗಲೇ ಬಿಚ್ಚಿ ಬಗ್ಗಿ ನೋಡುತ್ತಾರೆ. ಆ ಸಾಲೇ ಅವರನ್ನು ಅಪಾಯಕ್ಕೆ ತಳ್ಳಿದ ಹಾಗಾಯಿತು. ಅಲ್ಲಿ ಬರೆಯಬೇಕಾದ್ದು ಇದು: ‘ದೀಪ ಉರಿಯುತ್ತಿದೆಯೇ ಎಂದು ಬಿಚ್ಚಿ ನೋಡಬೇಡಿ, ಆ ಬೆಳಕು ಕಣ್ಣನ್ನು ಸುಡುತ್ತದೆ. ಪ್ಲಗ್ ತೆಗೆದು ಸರ್ವಿಸ್‌ಗೆ ಹೇಳಿ. ಅಲ್ಲಿಯವರೆಗೆ ನೀರು ಕುದಿಸಿ ಕುಡಿಯಿರಿ.’ ಏನು ಮಾಡಬಾರದು, ಮಾಡಿದರೆ ಏನಾಗುತ್ತದೆ, ಬದಲಿಗೆ ಏನು ಮಾಡಬೇಕು ಎಂಬ ಮೂರೂ ಒಟ್ಟಿಗೆ ಇರಲಿ. ಬರೀ ‘ಎಚ್ಚರ!’ ಅಂದರೆ ಸಾಲದು.

ಇನ್ನು ಟೇಬಲ್ ಅಂಗಡಿಯವರ ಕಣ್ಣಿಂದ ಬರೆದದ್ದು. ಸೊಲೆನಾಯ್ಡ್ ಕೆಟ್ಟಿದೆ ಎಂದು ಗೊತ್ತಿದ್ದವರಿಗೆ ಟೇಬಲ್ ಯಾಕೆ ಬೇಕು?

ಸ್ಪ್ಯಾನರ್_ಸೀನ
ಕಮಲಾ ಮೇಡಂ ಕೊನೆಗೆ ಕೇಳಿದ್ದೇ ಅಸಲು ವಿಷಯ. ಬೆಂಗಳೂರಲ್ಲಿ ಬಹಳ ವರ್ಷದಿಂದ ಇದೇ ಸರ್ವಿಸ್ ಕೆಲಸ ಮಾಡುತ್ತಿದ್ದೇನೆ. ಅಣ್ಣಾ, ನಿಮ್ಮ ಮಾಡೆಲಿನಲ್ಲಿ ಕರೆಂಟಿನ ಫ್ಲೋಟ್ ಸ್ವಿಚ್ ತಾನೇ?

ಚಿಂತಾಮಣಿ_ಆರ್‌ಓ
ಹೌದು. ಟ್ಯಾಂಕ್ ತುಂಬಿದರೆ ಪಂಪು, ಸೊಲೆನಾಯ್ಡ್ ವಾಲ್ವ್ ಅಂದರೆ ಎಸ್‌ವಿ, ಎರಡೂ ಆಫ್ ಆಗುತ್ತವೆ. ಟ್ಯಾಂಕ್ 8 ಲೀಟರ್, ಮೆಂಬ್ರೇನ್ 75 ಜಿಪಿಡಿ.

ಸ್ಪ್ಯಾನರ್_ಸೀನ
ಹಾಗಿದ್ದರೆ ವೇಸ್ಟ್ ನೀರಿನ ಸಾಲು ಹೀಗೆ ಬರೆಯಿರಿ. ಮೊದಲ ಪ್ರಶ್ನೆ, ಟ್ಯಾಂಕ್ ತುಂಬಿದೆಯಾ? ತುಂಬುತ್ತಿರುವಾಗ ವೇಸ್ಟ್ ಹೋಗಲೇಬೇಕು, ಅದು ದೋಷ ಅಲ್ಲ. ನಿಮಗೆ ಬರುವ ಎಷ್ಟೋ ಫೋನ್ ಇಲ್ಲೇ ಮುಗಿಯುತ್ತವೆ. ತುಂಬಿದ ಮೇಲೂ ಹೋಗುತ್ತಿದ್ದರೆ ಪ್ಲಗ್ ತೆಗೆಯಿರಿ, ಎರಡು ನಿಮಿಷ ಕಾಯಿರಿ. ಒಳಗೆ ಪ್ರೆಷರ್ ಉಳಿದಿರುತ್ತದೆ, ಅದಕ್ಕೇ ಕಾಯಬೇಕು. ಆಮೇಲೂ ನೀರು ಬರುತ್ತಿದ್ದರೆ ಎಸ್‌ವಿ ಪೂರ್ತಿ ಮುಚ್ಚುತ್ತಿಲ್ಲ. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕಲ್ವಾ? ಗೋಡೆಯ ವಾಲ್ವ್ ತಿರುಗಿಸಿ ಬಂದ್ ಮಾಡಿ ಸರ್ವಿಸ್‌ಗೆ ಹೇಳಿದರಾಯಿತು. ಪ್ಲಗ್ ತೆಗೆದಾಗ ನಿಂತು, ಮತ್ತೆ ಹಾಕಿದಾಗ ಪಂಪಿನ ಸದ್ದಿನ ಜೊತೆ ಶುರುವಾದರೆ ಫ್ಲೋಟ್ ಅಂಟಿಕೊಂಡಿದೆ. ಒಂದೂ ಸ್ಕ್ರೂ ಬಿಚ್ಚದೆ ಮನೆಯವರೇ ಫೋನಿನಲ್ಲಿ ಹೇಳಬಹುದು. ನಮ್ಮ ಹುಡುಗರು ಸರಿಯಾದ ಪಾರ್ಟ್ ಹಿಡಿದುಕೊಂಡೇ ಹೋಗಬಹುದು.

ಇನ್ನೊಂದು ದೊಡ್ಡ ದೂರು ‘ನೀರು ಕಡಿಮೆ’. ಎಷ್ಟಕ್ಕೆ ಕಡಿಮೆ? ಮೊದಲ ದಿನ ಎಷ್ಟಿತ್ತು ಅಂತ ಎಲ್ಲೂ ಬರೆದಿರುವುದಿಲ್ಲ. ಕೂರಿಸಿದ ದಿನವೇ ಎರಡು ಅಳತೆ ಬರೆದಿಡಿ. ಖಾಲಿ ಟ್ಯಾಂಕ್ ತುಂಬಲು ಹಿಡಿದ ಸಮಯ ಒಂದು. ಒಂದು ನಿಮಿಷದಲ್ಲಿ ವೇಸ್ಟ್ ಪೈಪಿನಿಂದ ಬಂದ ನೀರು ಇನ್ನೊಂದು. 75 ಜಿಪಿಡಿ ಅಂದರೆ ನಿಮಿಷಕ್ಕೆ ಸುಮಾರು 200 ಮಿಲಿ, ನಿಮ್ಮ 8 ಲೀಟರ್‌ಗೆ 40 ನಿಮಿಷ. ವೇಸ್ಟ್ 400 ಮಿಲಿ ಇತ್ತು ಅಂದುಕೊಳ್ಳಿ.

ಒಂದು ವರ್ಷದ ಮೇಲೆ ಫೋನ್ ಬರುತ್ತದೆ. ಟ್ಯಾಂಕ್ ತುಂಬಲು ಒಂದೂವರೆ ಗಂಟೆ, ವೇಸ್ಟ್ ಬರೀ 180 ಮಿಲಿ. ಎರಡೂ ಬಿದ್ದಿವೆ, ಅಂದರೆ ಮುಂದಿನಿಂದಲೇ ನೀರು ಬರುತ್ತಿಲ್ಲ. ಮೊದಲ ಫಿಲ್ಟರ್ ಅಂದರೆ ಕ್ಯಾಂಡಲ್ ನೋಡಿ, ಗೋಡೆಯ ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ, ಆಮೇಲೆ ಪಂಪು. ಇನ್ನೊಂದು ಮನೆಯಲ್ಲೂ ಒಂದೂವರೆ ಗಂಟೆ, ಆದರೆ ವೇಸ್ಟ್ 420. ನೀರು ಬರುತ್ತಿದೆ, ಮೆಂಬ್ರೇನ್ ಒಳಗೆ ಬಿಡುತ್ತಿಲ್ಲ. ಮೂರನೇ ಮನೆಯಲ್ಲಿ ಟ್ಯಾಂಕ್ ಸರಿಯಾಗಿಯೇ ತುಂಬುತ್ತದೆ, ವೇಸ್ಟ್ ಮಾತ್ರ ಸಣ್ಣ ದಾರದಂತೆ. ಜನ ‘ಪರವಾಗಿಲ್ಲ, ನೀರು ಉಳೀತು’ ಎಂದು ಖುಷಿಪಡುತ್ತಾರೆ. ಅದು ವೇಸ್ಟ್ ಪೈಪಿನ ಹರಿವು ನಿಯಂತ್ರಿಸುವ ಎಫ್‌ಆರ್ ಕಟ್ಟಿರುವುದು. ಹಾಗೇ ಬಿಟ್ಟರೆ ಉಪ್ಪು ಕೂತು ಮೆಂಬ್ರೇನ್ ಬೇಗ ಹೋಗುತ್ತದೆ. ಹಾಗಾಗಿ ‘ವೇಸ್ಟ್ ತುಂಬ ಕಡಿಮೆ’ ಅನ್ನುವುದಕ್ಕೂ ಒಂದು ಸಾಲು ಇರಲಿ.

ಚಳಿಗಾಲದಲ್ಲಿ ನೀರು ತಣ್ಣಗಿದ್ದಾಗ ಸ್ವಲ್ಪ ನಿಧಾನ ಆಗುವುದು ಸಹಜ. ಅದನ್ನೂ ಒಂದು ಸಾಲಿನಲ್ಲಿ ಹೇಳಿಬಿಡಿ.

ರಾಯಚೂರು_ಅಮ್ಮ
ನಮ್ಮ ಪ್ಯೂರಿಫೈಯರ್ ಮ್ಯಾನುಯಲ್ ಕಳೆದುಹೋಗಿದೆ, ನಿಮ್ಮ ಹತ್ರ ಇದ್ದರೆ ಕಳಿಸ್ತೀರಾ? ಮಗಳ ಮನೆಗೆ ಹೋಗಿ ಎರಡು ವಾರ ಬಿಟ್ಟು ಬಂದೆ, ಈಗ ನೀರು ಒಂಥರಾ ವಾಸನೆ ಬರುತ್ತಿದೆ. ಯಾವ ಕಂಪನಿಯದು ಅಂತ ಸ್ಟಿಕ್ಕರ್ ಕೂಡ ಇಲ್ಲ.

ಸ್ಪ್ಯಾನರ್_ಸೀನ
ಅಮ್ಮಾ, ಇಲ್ಲಿ ಬೇರೆ ಮ್ಯಾನುಯಲ್ ಬರೆಯುವ ಮಾತು ನಡೆಯುತ್ತಿದೆ. ಆದರೂ ಹೇಳುತ್ತೇನೆ. ನಿಂತ ನೀರು ವಾಸನೆ ಬಂದಿದೆ. ಟ್ಯಾಂಕಿನ ನೀರು ಪೂರ್ತಿ ಬಿಟ್ಟುಬಿಡಿ, ಮತ್ತೆ ತುಂಬಲಿ, ಅದನ್ನೂ ಚೆಲ್ಲಿ. ಕುಡಿಯಲು ಮೂರನೇದು. ಆಗಲೂ ಬಂದರೆ ಟ್ಯಾಂಕ್ ತೊಳೆಸಿ, ಕಾರ್ಬನ್ ಬದಲಿಸಬೇಕಾಗಬಹುದು.

ಕೈಪಿಡಿ_ಕಮಲ
ನೋಡಿ, ಇವರು ಬರೆದದ್ದೇ ಟೇಬಲ್‌ನ ಒಂದು ಸಾಲು. ‘ಊರಿಗೆ ಹೋಗಿ ಬಂದ ಮೇಲೆ ವಾಸನೆ’. ನಿಮಗೆ ಬಂದ ಫೋನ್‌ಗಳಲ್ಲಿ ಜನ ಮೊದಲು ಏನು ಹೇಳಿದರೋ ಅದನ್ನೇ ಎಡಗಡೆ ಬರೆಯಿರಿ. ಪಕ್ಕದಲ್ಲಿ ಅವರು ಬಿಚ್ಚದೆ ನೋಡಬಹುದಾದ್ದು. ಅದರ ಪಕ್ಕ, ಹಾಗೆ ಕಂಡರೆ ಏನು ಮಾಡಬೇಕು. ಪಾರ್ಟಿನ ಹೆಸರು ಬರಲೇಬೇಕಿದ್ದರೆ ಕೊನೆಯಲ್ಲಿ ಬರಲಿ.

ಇನ್ನು ಕೂರಿಸುವ ಕ್ರಮ. ಗೋಡೆ ಕೊರೆಯುವವರು ನಿಮ್ಮ ಹುಡುಗರು ತಾನೇ? ಮತ್ತೆ ಅದು ಗಿರಾಕಿಯ ಪುಸ್ತಕದಲ್ಲಿ ಯಾಕೆ?

ಚಿಂತಾಮಣಿ_ಆರ್‌ಓ
ಹೌದಲ್ಲ. ಎಲ್ಲರ ಮ್ಯಾನುಯಲ್‌ನಲ್ಲೂ ಇರುತ್ತದೆ ಎಂದು ಹಾಕಿದ್ದೆವು. ಹಾಗಿದ್ದರೆ ಹುಡುಗರಿಗೆ ಬೇರೆ ಹಾಳೆ ಮಾಡುತ್ತೇನೆ. ಅದರಲ್ಲಿ ಏನು ತಪ್ಪಬಾರದು ಸೀನಣ್ಣ?

ಸ್ಪ್ಯಾನರ್_ಸೀನ
ಕ್ರಮ ತಪ್ಪಬಾರದು. ಕೊರೆಯುವ ಮುಂಚೆಯೇ ನಲ್ಲಿಯ ಪ್ರೆಷರ್ ಅಳೆಯಬೇಕು. ಓವರ್‌ಹೆಡ್ ಟ್ಯಾಂಕ್ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್, ಅದರಿಂದ ತೊಂದರೆ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಪ್ರೆಷರ್ ಪಂಪ್ ಇದ್ದರೆ ಪ್ರೆಷರ್ ಇಳಿಸುವ ವಾಲ್ವ್ ಹಾಕದೆ ಕೈ ಬಿಡಬೇಡಿ. ರಾತ್ರಿ ಹೊತ್ತು ಫಿಲ್ಟರ್ ಬೌಲ್ ಸೀಳಿ ಅಡುಗೆಮನೆ ಕೆರೆ ಆದದ್ದು ನೋಡಿದ್ದೇನೆ. ಆಮೇಲೆ ಮೆಂಬ್ರೇನ್ ಹಾಕದೆ ಕಾರ್ಬನ್‌ನ ಕಪ್ಪು ಪುಡಿ ಹೋಗುವವರೆಗೆ ನೀರು ಬಿಡಬೇಕು, ತಿಳಿಯಾದ ಮೇಲೆ ಮೆಂಬ್ರೇನ್. ನೀರಿನ ವಾಲ್ವ್ ಮೊದಲು, ಪ್ಲಗ್ ಆಮೇಲೆ. ಮೊದಲ ಟ್ಯಾಂಕ್ ಪೂರ್ತಿ ಚೆಲ್ಲಬೇಕು.

ಇದರಲ್ಲಿ ಮನೆಯವರ ಪುಸ್ತಕಕ್ಕೆ ಬೇಕಾದ್ದು ಎರಡೇ. ‘ಮೊದಲ ಟ್ಯಾಂಕ್ ನಿಮ್ಮ ಎದುರಿಗೇ ಚೆಲ್ಲಿಸಿ’, ‘ಅಳತೆ ಬರೆಸಿಕೊಳ್ಳಿ’.

ಮೇಷ್ಟ್ರು_ತುಮಕೂರು
ಒಂದು ಸಾಲು ಮರೆತಿರಿ. ‘ನೀರು ಸಪ್ಪೆ’. ಆರ್‌ಓ ನೀರಿನಲ್ಲಿ ಖನಿಜ ತುಂಬ ಕಡಿಮೆ. ಟಿಡಿಎಸ್ ಕಂಟ್ರೋಲರ್ ಸ್ಕ್ರೂ ಸ್ವಲ್ಪ ತಿರುಗಿಸಿದರೆ ರುಚಿ ಬರುತ್ತದೆ. ನಾನೇ ತಿರುಗಿಸಿಕೊಂಡಿದ್ದೇನೆ. ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದು 500ರ ಒಳಗಿದ್ದರೆ ಆಯಿತು, ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಅದೇ ಇದೆ.

ಸ್ಪ್ಯಾನರ್_ಸೀನ
500 ಸರಿ ಮೇಷ್ಟ್ರೇ. ಸ್ಕ್ರೂ ಮಾತು ಮಾತ್ರ ಚಿಂತಾಮಣಿ ಕಡೆಯ ಬೋರ್ ನೀರಿಗೆ ಬೇಡ. ಆ ಸ್ಕ್ರೂ ಖನಿಜ ಸೇರಿಸುವುದಿಲ್ಲ. ಮೆಂಬ್ರೇನ್ ದಾಟದ ಬೋರ್ ನೀರನ್ನೇ ತಂದು ಬೆರೆಸುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ಯುವಿ ಅದನ್ನು ತೆಗೆಯುವುದಿಲ್ಲ.

ಲೆಕ್ಕಕ್ಕೆ ಹೇಳುತ್ತೇನೆ. ಬೋರ್ ನೀರಿನ ಟಿಡಿಎಸ್ 900, ಫ್ಲೋರೈಡ್ ಲೀಟರ್‌ಗೆ 3 ಮಿಲಿಗ್ರಾಂ ಅಂದುಕೊಳ್ಳಿ. ಮೆಂಬ್ರೇನ್ ನೂರಕ್ಕೆ 90 ತೆಗೆದರೆ 90 ಮತ್ತು 0.3 ಉಳಿಯುತ್ತವೆ. ಸ್ಕ್ರೂ ತಿರುಗಿಸಿ ಅರ್ಧಕ್ಕರ್ಧ ಬೆರೆಸಿದಿರಿ. ಮೀಟರ್ 495 ತೋರಿಸುತ್ತದೆ, ನಿಮ್ಮ ಪ್ರಕಾರ ಪಾಸ್. ಫ್ಲೋರೈಡ್ 1.65 ಆಗಿರುತ್ತದೆ. ಅದೇ ಐಎಸ್ 10500ರಲ್ಲಿ ಫ್ಲೋರೈಡ್‌ಗೆ ಒಪ್ಪುವ ಮಿತಿ 1, ಬೇರೆ ದಾರಿಯೇ ಇಲ್ಲದಿದ್ದರೆ 1.5. ಟಿಡಿಎಸ್ ಮೀಟರ್‌ಗೆ ಫ್ಲೋರೈಡ್ ಯಾವುದು, ಉಪ್ಪು ಯಾವುದು ಗೊತ್ತಾಗಲ್ಲ.

ಕೈಪಿಡಿ_ಕಮಲ
ಹಾಗಿದ್ದರೆ ಈ ಎಚ್ಚರಿಕೆಯ ಜಾಗ ‘ನೀರು ಸಪ್ಪೆ’ ಅನ್ನುವ ಸಾಲಿನಲ್ಲೇ. ಸ್ಕ್ರೂ ಪಕ್ಕ ಒಂದು ಸ್ಟಿಕ್ಕರ್ ಕೂಡ ಇರಲಿ.

ಮೇಷ್ಟ್ರು_ತುಮಕೂರು
ನಮ್ಮದು ಕಾರ್ಪೊರೇಷನ್ ನೀರು, ಅದಕ್ಕೆ ತೊಂದರೆ ಆಗಿಲ್ಲ ಅಂತ ಕಾಣುತ್ತದೆ. ಆದರೂ ತೀರಾ ಸಪ್ಪೆ ನೀರು ಕುಡಿಯುವುದು ಒಳ್ಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ಪ್ಯಾನರ್_ಸೀನ
ಅಭಿಪ್ರಾಯ ಇರಲಿ ಮೇಷ್ಟ್ರೇ. ಮೊದಲು ಜಿಲ್ಲಾ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ, ಫ್ಲೋರೈಡ್ ಇಲ್ಲ ಅಂದರೆ ಆಮೇಲೆ ಸ್ಕ್ರೂ. ಅಣ್ಣಾ, ಫ್ಲೋರೈಡ್ ಇರುವ ಊರಿಗೆ ಕಂಟ್ರೋಲರ್ ಇಲ್ಲದ ಮಾಡೆಲನ್ನೇ ಕೊಡಿ. ಇಲ್ಲದ ಸ್ಕ್ರೂಗೆ ಎಚ್ಚರಿಕೆಯೂ ಬೇಡ.

ಚಿಂತಾಮಣಿ_ಆರ್‌ಓ
ಗಿರಾಕಿ ಕೇಳುತ್ತಾರೆ ಸೀನಣ್ಣ, ‘ಪಕ್ಕದ ಅಂಗಡಿಯಲ್ಲಿ ರುಚಿ ಸ್ಕ್ರೂ ಇದೆ’ ಅಂತ. ಅಪ್ಪನನ್ನು ಒಪ್ಪಿಸಬೇಕು. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

| ನಿಮಗೆ ಕಂಡದ್ದು | ಬಿಚ್ಚದೆ ನೋಡಿ | ಹಾಗಿದ್ದರೆ |
|---|---|---|
| ಟ್ಯಾಂಕ್ ತುಂಬಿದರೂ ವೇಸ್ಟ್ ನೀರು ಹೋಗುತ್ತಿದೆ | ಪ್ಲಗ್ ತೆಗೆದು 2 ನಿಮಿಷ ಕಾಯಿರಿ. ನಿಂತಿತೇ? | ನಿಲ್ಲದಿದ್ದರೆ ಗೋಡೆಯ ವಾಲ್ವ್ ಬಂದ್ ಮಾಡಿ. ನಿಂತರೆ ಪ್ಲಗ್ ತೆಗೆದೇ ಇಡಿ. ಫೋನ್ ಮಾಡಿ, ಏನು ಕಂಡಿತು ಎಂದು ಹೇಳಿ |
| ನೀರು ಸಪ್ಪೆ | ಸ್ಕ್ರೂ ಮುಟ್ಟಬೇಡಿ. ಬೋರ್ ನೀರು ಬೆರೆತು ಫ್ಲೋರೈಡ್ ವಾಪಸ್ ಬರುತ್ತದೆ, ಮೀಟರ್‌ನಲ್ಲಿ ಕಾಣುವುದಿಲ್ಲ | ನೀರಿನ ಲ್ಯಾಬ್ ರಿಪೋರ್ಟ್ ಜೊತೆ ಅಂಗಡಿಗೆ ಬನ್ನಿ |

ಕ್ಯಾಂಡಲ್ ಬದಲಿಸುವುದನ್ನು ಮನೆಯವರಿಗೇ ಬಿಡಲೋ ಬೇಡವೋ ಇನ್ನೂ ಗೊತ್ತಾಗುತ್ತಿಲ್ಲ.

ಕೈಪಿಡಿ_ಕಮಲ
ಬಿಡಬಹುದು. ವಾಲ್ವ್ ಬಂದ್ ಮಾಡಿ ಪ್ರೆಷರ್ ಇಳಿಸುವ ಹೆಜ್ಜೆ ಮೊದಲು ಬರೆದರೆ ಸಾಕು.

ಸ್ಪ್ಯಾನರ್_ಸೀನ
ನಾನು ಒಪ್ಪಲ್ಲ ಮೇಡಂ. ಬೌಲ್‌ನ ರಬ್ಬರ್ ರಿಂಗ್ ಸರಿಯಾಗಿ ಕೂರಿಸದೆ ರಾತ್ರಿಯೆಲ್ಲ ಸೋರಿದ ಮನೆಗಳಿಗೆ ಬೆಳಿಗ್ಗೆ ಹೋಗುವವರು ನಾವು.